ಹನ್ನೆರಡು ರೂಪಾಯಿಯ ಸಹಿ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಎದ್ದು ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಚಿಕ್ಕಮ್ಮನ ಮಗ ಮನೆ ಬಾಗಿಲಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದು ನಿಂತಿದ್ದ. ಮುಖ ಸಪ್ಪಗಿತ್ತು. ಅವನು ಹೊರದೇಶದ ಒಂದು ಪುಟ್ಟ ಕಂಪನಿಗೆ ಮನೆಯಿಂದಲೇ ಡಿಸೈನ್ ಕೆಲಸ ಮಾಡಿಕೊಡುತ್ತಾನೆ. ಅವರು ಸಂಬಳವನ್ನು ಯುಎಸ್‌ಡಿಸಿ ಅನ್ನೋ ಟೋಕನ್ನಿನಲ್ಲಿ ಕೊಡ್ತಾರೆ. ಒಂದು ಯುಎಸ್‌ಡಿಸಿ ಅಂದ್ರೆ ಒಂದು ಡಾಲರ್ ಅಂತ ಇಟ್ಕೊಳ್ಳಿ.

"ಅಣ್ಣ, ಎರಡು ಸಲ ದುಡ್ಡು ಹೋಯ್ತು. ಆ ಹನ್ನೆರಡು ಪದಗಳನ್ನ ನಾನು ಯಾರಿಗೂ ಕೊಟ್ಟಿಲ್ಲ ಕಣಣ್ಣ. ಅಮ್ಮನಾಣೆ" ಅಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಪದಗಳು ಅವನ ಬೀರುವಿನಲ್ಲಿ, ಚೀಟಿಯ ಮೇಲೆ, ಭದ್ರವಾಗಿಯೇ ಇದ್ದವು. ಆದರೂ ದುಡ್ಡು ಹೋಗಿತ್ತು. ಇದು ಹೇಗೆ ಅಂತ ಅವನಿಗೆ ವಿವರಿಸುವಾಗ, ಇದನ್ನು ಎಲ್ಲರಿಗೂ ಬರೆದು ಹೇಳಬೇಕು ಅನ್ನಿಸಿತು. ಜೊತೆಗೆ ಈ ವಿಷಯದಲ್ಲಿ ನನಗೊಂದು ತಕರಾರೂ ಇದೆ. ಅದನ್ನು ಕೊನೆಗೆ ಹೇಳ್ತೀನಿ.

ಮೊದಲು ನಡೆದದ್ದೇನು ಅಂತ ನೋಡೋಣ.

ಒಂದು ಶನಿವಾರ ರಾತ್ರಿ ಅವನಿಗೆ ಎಲ್ಲೋ ಒಂದು ಕೊಂಡಿ ಸಿಕ್ಕಿತು. "ನಿಮ್ಮ ವಿಳಾಸಕ್ಕೆ ಉಚಿತ ಟೋಕನ್ ಬಂದಿದೆ, ಪಡೆದುಕೊಳ್ಳಿ" ಅಂತ. ಪುಟ ತೆರೆದ, ವ್ಯಾಲೆಟ್ ಜೋಡಿಸಿದ, ಗುಂಡಿ ಒತ್ತಿದ. ವ್ಯಾಲೆಟ್ ಒಂದು ಪುಟ್ಟ ಕಿಟಕಿ ತೋರಿಸಿ ಒಪ್ಪಿಗೆ ಕೇಳಿತು. ಅದರಲ್ಲಿ ಅವನ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ: ಶುಲ್ಕ, ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೆರಡು ರೂಪಾಯಿ. "ಹೋದ್ರೆ ಹನ್ನೆರಡು ರೂಪಾಯಿ ತಾನೇ" ಅಂದುಕೊಂಡು ಒಪ್ಪಿಗೆ ಒತ್ತಿದ. ಆ ವಹಿವಾಟಿನಲ್ಲಿ ಅವನಿಂದ ಹೋದದ್ದು ನಿಜವಾಗಿಯೂ ಹನ್ನೆರಡು ರೂಪಾಯಿ ಮಾತ್ರ!

ಒಂದು ನಿಮಿಷದ ನಂತರ ಖಾತೆಯಲ್ಲಿದ್ದ 1,840 ಯುಎಸ್‌ಡಿಸಿ ಮಾಯ.

ಹುಡುಗ ಗಾಬರಿಯಾದ. ತನಗೆ ತಿಳಿದದ್ದನ್ನೆಲ್ಲ ಮಾಡಿದ. ವ್ಯಾಲೆಟ್ಟಿನ ಪಾಸ್‌ವರ್ಡ್ ಬದಲಿಸಿದ. ಆ ತಾಣದ ಸಂಪರ್ಕ ಕಡಿದ. ವ್ಯಾಲೆಟ್ಟನ್ನೇ ಕಿತ್ತು ಹಾಕಿ, ಅದೇ ಹನ್ನೆರಡು ಪದ ಕೊಟ್ಟು ಮತ್ತೆ ಹಾಕಿಕೊಂಡ. ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಕಂಪನಿಯವರು ಬಾಕಿ 600 ಕಳಿಸಿದರು. ಕೆಲವೇ ನಿಮಿಷದಲ್ಲಿ ಅದೂ ಹೋಯಿತು. ಒಟ್ಟು ಎರಡು ಲಕ್ಷ ರೂಪಾಯಿಗೂ ಮೇಲೆ.

ಎರಡನೇ ಸಲ ಅವನು ಯಾವ ತಾಣಕ್ಕೂ ಹೋಗಿರಲಿಲ್ಲ, ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ನಿದ್ದೆ ಮಾಡುತ್ತಿದ್ದ. ಇಡೀ ವಿಷಯದ ಗುಟ್ಟು ಇರುವುದು ಇಲ್ಲಿಯೇ.

ಟೋಕನ್ ನಿಮ್ಮ ವ್ಯಾಲೆಟ್ಟಿನಲ್ಲಿ ಇರೋದೇ ಇಲ್ಲ

ವ್ಯಾಲೆಟ್ ಅನ್ನೋ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತೆ. ಪರ್ಸು ಅಂದ ಕೂಡಲೇ ಒಳಗೆ ದುಡ್ಡಿದೆ ಅಂದುಕೊಳ್ತೀವಿ. ಆದರೆ ಎಥೀರಿಯಂನಲ್ಲಿ ಯುಎಸ್‌ಡಿಸಿಯಂಥ ಪ್ರತಿ ಟೋಕನ್ನೂ ಒಂದು ಲೆಕ್ಕದ ಪುಸ್ತಕ. ಆ ಪುಸ್ತಕ ಇರುವುದು ಆ ಟೋಕನ್ನಿನ ಕಾಂಟ್ರಾಕ್ಟಿನಲ್ಲಿ, ಅಂದರೆ ಚೈನಿನ ಮೇಲೆ ಕೂತಿರುವ ಒಂದು ಪ್ರೋಗ್ರಾಮಿನಲ್ಲಿ. "ಇಂಥ ವಿಳಾಸದ ಹೆಸರಲ್ಲಿ ಇಷ್ಟು" ಅಂತ ಅದರಲ್ಲಿ ಬರೆದಿರುತ್ತೆ. ವ್ಯಾಲೆಟ್ಟಿನಲ್ಲಿ ಇರುವುದು ಆ ಪುಸ್ತಕಕ್ಕೆ ಆಜ್ಞೆ ಕೊಡುವಾಗ ಹಾಕುವ ಸಹಿಯ ಕೀಲಿ ಮಾತ್ರ.

ಈ ಟೋಕನ್ನುಗಳ ನಿಯಮಾವಳಿಗೆ ಇಆರ್‌ಸಿ-20 ಅಂತ ಹೆಸರು. 2015ರ ನವೆಂಬರಿನಲ್ಲಿ ಫೇಬಿಯನ್ ಫೋಗೆಲ್‌ಸ್ಟೆಲ್ಲರ್ ಮತ್ತು ವಿಟಾಲಿಕ್ ಬುಟೆರಿನ್ ಮುಂದಿಟ್ಟದ್ದು. ಅದರಲ್ಲಿ ನಮಗೆ ಇವತ್ತು ಬೇಕಾದ ಸಾಲುಗಳು ಇಷ್ಟೇ:

```
approve(spender, amount)
transferFrom(owner, to, amount)
allowance(owner, spender)
```

ಮೊದಲನೆಯದು, "ಈ ವಿಳಾಸದವರು ನನ್ನ ಲೆಕ್ಕದಿಂದ ಇಷ್ಟರವರೆಗೆ ತೆಗೆಯಬಹುದು" ಅಂತ ನಾನು ಕೊಡುವ ಒಪ್ಪಿಗೆ. ಎರಡನೆಯದು, ಒಪ್ಪಿಗೆ ಪಡೆದವನು ಬಂದು ತೆಗೆದುಕೊಂಡು ಹೋಗುವುದು. ಮೂರನೆಯದು, ಇನ್ನೂ ಎಷ್ಟು ತೆಗೆಯಲು ಅವನಿಗೆ ಹಕ್ಕಿದೆ ಅಂತ ಯಾರು ಬೇಕಾದರೂ ನೋಡಬಹುದಾದ ಲೆಕ್ಕ.

ಇಂಥದ್ದೊಂದು ವ್ಯವಸ್ಥೆ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ನಾನು ಯುಎಸ್‌ಡಿಸಿ ಕೊಟ್ಟು ಬೇರೆ ಟೋಕನ್ ಕೊಳ್ಳಬೇಕು ಅಂತಿಟ್ಟುಕೊಳ್ಳಿ. ಅದನ್ನು ಮಾಡಿಕೊಡುವ ವಿನಿಮಯದ ಕಾಂಟ್ರಾಕ್ಟಿಗೆ ನಾನು ಸುಮ್ಮನೆ ಟೋಕನ್ ಕಳಿಸಿಬಿಟ್ಟರೆ ಅದಕ್ಕೆ ಗೊತ್ತೇ ಆಗೋದಿಲ್ಲ. ಯಾಕಂದ್ರೆ ಬದಲಾದದ್ದು ಯುಎಸ್‌ಡಿಸಿಯ ಪುಸ್ತಕದ ಎರಡು ಸಾಲು, ವಿನಿಮಯದ ಕಾಂಟ್ರಾಕ್ಟನ್ನು ಯಾರೂ ಎಬ್ಬಿಸಲಿಲ್ಲ. ಅಂಗಡಿಯವನು ಒಳಗೆ ಮಲಗಿರುವಾಗ ಗಲ್ಲಾಪೆಟ್ಟಿಗೆಗೆ ದುಡ್ಡು ಹಾಕಿ ಬಂದ ಹಾಗೆ. ಯಾರು ಹಾಕಿದ್ದು, ಯಾವ ಸಾಮಾನಿಗೆ ಹಾಕಿದ್ದು ಅಂತ ಅವನಿಗೆ ಹೇಗೆ ತಿಳಿಯಬೇಕು? ಅದಕ್ಕೇ ತಿರುಗಾ ಮುರುಗಾ ಮಾಡಿದರು. ನಾನು ಮೊದಲು ಒಪ್ಪಿಗೆ ಬರೆದಿಡಬೇಕು, ಆಮೇಲೆ ಅಂಗಡಿಯವನೇ ದುಡ್ಡು ಎಳೆದುಕೊಂಡು ಅದೇ ಏಟಿಗೆ ಸಾಮಾನು ಕೊಡಬೇಕು. ಈಥರಿಗೆ ಈ ತಾಪತ್ರಯ ಇಲ್ಲ, ಅದು ಕಾಂಟ್ರಾಕ್ಟನ್ನು ಕರೆಯುವ ಕರೆಯ ಜೊತೆಯಲ್ಲೇ ಹೋಗುತ್ತೆ. ಟೋಕನ್ನುಗಳಿಗೆ ಮಾತ್ರ ಈ ಒಪ್ಪಿಗೆ.

ಈಗ ತಮ್ಮನ ಕತೆಗೆ ಬರೋಣ. ಅವನು ಒತ್ತಿದ ಗುಂಡಿ ಉಚಿತ ಟೋಕನ್ನಿನದಲ್ಲ. ಯುಎಸ್‌ಡಿಸಿಯ ಪುಸ್ತಕದಲ್ಲಿ ಕಳ್ಳನ ವಿಳಾಸಕ್ಕೆ ಒಪ್ಪಿಗೆ ಬರೆಯುವ ಗುಂಡಿ. ಆ ವಹಿವಾಟನ್ನು ಈಥರ್‌ಸ್ಕ್ಯಾನಿನಲ್ಲಿ ತೆಗೆದು ನೋಡಿದಾಗ ಕಂಡದ್ದು ಹೀಗಿತ್ತು (ವಿಳಾಸವನ್ನು ನಾನು ಚುಕ್ಕಿ ಹಾಕಿ ಮರೆಮಾಡಿದ್ದೇನೆ):

```
0x095ea7b3
000000000000000000000000........................................
ffffffffffffffffffffffffffffffffffffffffffffffffffffffffffffffff
```

ಮೊದಲ ಸಾಲು `approve` ಅನ್ನುವುದರ ಗುರುತು. ಎರಡನೆಯದು ಯಾರಿಗೆ ಅನ್ನುವುದು. ಮೂರನೆಯದು ಎಷ್ಟು ಅನ್ನುವುದು. ಅರವತ್ನಾಲ್ಕು ಎಫ್‌ಗಳು! ಆ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ನಮ್ಮ ಅಂಕಿಯಲ್ಲಿ ಬರೆದರೆ 78 ಅಂಕೆಗಳಾಗುತ್ತೆ. ಎಷ್ಟು ಕಳೆದರೂ ಮುಗಿಯದ ಸಂಖ್ಯೆ.

ಮೊತ್ತ ಬರೆಯದೆ ಸಹಿ ಹಾಕಿದ ಚೆಕ್ಕು ಅಂತ ಇದಕ್ಕೆ ಹೋಲಿಕೆ ಕೊಡಬಹುದು. ಆದರೆ ಚೆಕ್ಕು ಒಂದು ಸಲಕ್ಕೆ ಮುಗಿಯುತ್ತೆ, ಮೂರು ತಿಂಗಳಿಗೆ ಸಾಯುತ್ತೆ. ಇದು ಸಾಯುವುದಿಲ್ಲ. ಇವತ್ತು ಖಾತೆಯಲ್ಲಿ ಇರುವುದಕ್ಕಷ್ಟೇ ಅಲ್ಲ, ನಾಳೆ ಬರುವುದಕ್ಕೂ ಅನ್ವಯ. ಹಾಗಾಗಿಯೇ ಐದನೇ ದಿನ ಬಂದ 600 ಕೂಡ ಹೋಯಿತು. ಕಳ್ಳನ ಕಡೆಯ ಪ್ರೋಗ್ರಾಮು ಆ ವಿಳಾಸದ ಮೇಲೆ ಕಣ್ಣಿಟ್ಟು ಕಾದಿತ್ತು.

ಅವನು ಮಾಡಿದ ಮೂರು ಕೆಲಸಗಳೂ ಯಾಕೆ ಕೆಲಸಕ್ಕೆ ಬರಲಿಲ್ಲ ಅಂತ ಈಗ ನಿಮಗೇ ಹೊಳೆದಿರಬೇಕು. ಪಾಸ್‌ವರ್ಡ್ ಅನ್ನೋದು ಅವನ ಲ್ಯಾಪ್‌ಟಾಪಿನ ಬೀಗ ಮಾತ್ರ. ತಾಣದ ಸಂಪರ್ಕ ಕಡಿಯುವುದು ಅಂದ್ರೆ ಆ ತಾಣ ಇನ್ನು ಮುಂದೆ ಅವನ ವಿಳಾಸವನ್ನು ನೋಡಬಾರದು, ಹೊಸ ಕೋರಿಕೆ ಕಳಿಸಬಾರದು ಅಂತ ಅಷ್ಟೇ. ಅದೇ ಪದಗಳಿಂದ ವ್ಯಾಲೆಟ್ ಮತ್ತೆ ಹಾಕಿಕೊಂಡರೆ ಬರುವುದು ಅದೇ ವಿಳಾಸ. ಒಪ್ಪಿಗೆ ಬರೆದಿರುವುದು ಯುಎಸ್‌ಡಿಸಿಯ ಪುಸ್ತಕದಲ್ಲಿ, ಆ ಸಾಲನ್ನು ಯಾರೂ ಮುಟ್ಟಲೇ ಇಲ್ಲ. ಕೀಲಿಯನ್ನು ಬೇರೆ ಸಾಧನದಲ್ಲಿಡುವ ಹಾರ್ಡ್‌ವೇರ್ ವ್ಯಾಲೆಟ್ ಇದ್ದಿದ್ದರೂ ಇದೇ ಕತೆ. ಅದು ಕೀಲಿ ಕಳುವಾಗದಂತೆ ಕಾಯುತ್ತೆ, ನಾವೇ ಹಾಕಿದ ಸಹಿಯಿಂದ ನಮ್ಮನ್ನು ಕಾಯುವುದಿಲ್ಲ.

ಕೀಲಿ ಹೋಯಿತೋ, ಒಪ್ಪಿಗೆ ಹೋಯಿತೋ?

ತಮ್ಮನ ಲ್ಯಾಪ್‌ಟಾಪ್ ತೆರೆದಾಗ ನಾನು ಮೊದಲು ನೋಡಿದ್ದು ಅವನ ಈಥರ್ ಏನಾಯಿತು ಅಂತ. ಶುಲ್ಕಕ್ಕೆ ಅಂತ ಇಟ್ಟಿದ್ದ ಚೂರು ಪಾರು ಈಥರ್ ಹಾಗೇ ಇತ್ತು. ಇದು ದೊಡ್ಡ ಸುಳಿವು. ಹನ್ನೆರಡು ಪದ ಕಳ್ಳನ ಕೈಗೆ ಸಿಕ್ಕಿದ್ದರೆ ಅವನು ಈಥರನ್ನೂ ಬಿಡುತ್ತಿರಲಿಲ್ಲ, ಬೇರೆ ಟೋಕನ್ನುಗಳನ್ನೂ ಬಿಡುತ್ತಿರಲಿಲ್ಲ. ಇಲ್ಲಿ ಹೋದದ್ದು ಯುಎಸ್‌ಡಿಸಿ ಒಂದೇ.

ಎರಡನೆಯ ಸುಳಿವು ಆ 1,840 ಹೋದ ವಹಿವಾಟಿನಲ್ಲಿತ್ತು. ಅದನ್ನು ಕಳಿಸಿದವರು ಯಾರು ಅಂತ ನೋಡಿದರೆ `From` ಅನ್ನೋ ಕಡೆ ಇದ್ದದ್ದು ತಮ್ಮನ ವಿಳಾಸ ಅಲ್ಲ, ಗುರುತಿಲ್ಲದ ಇನ್ಯಾವುದೋ ವಿಳಾಸ. ಶುಲ್ಕ ಕಟ್ಟಿದವನೂ ಅವನೇ. ಟೋಕನ್ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ಒಳಗಿನ ಸಾಲಿನಲ್ಲಿ ಮಾತ್ರ ತಮ್ಮನ ಹೆಸರು. ಕೀಲಿ ಕಳುವಾಗಿದ್ದರೆ ವಹಿವಾಟು ತಮ್ಮನ ವಿಳಾಸದಿಂದಲೇ ಹೊರಟಿರಬೇಕಿತ್ತು. ಸಾಮಾನ್ಯವಾಗಿ ಈ ಎರಡು ಸುಳಿವು ಸಾಕು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ಮದ್ದು ಬೇರೆ ಬೇರೆ. ಕೀಲಿ ಹೋಗಿದ್ದರೆ ಆ ವಿಳಾಸವನ್ನೇ ಬಿಟ್ಟು ಹೊಸ ಪದಗಳಿಂದ ಹೊಸ ವಿಳಾಸ ಮಾಡಿಕೊಳ್ಳಬೇಕು, ಬೇರೆ ದಾರಿ ಇಲ್ಲ. ಒಪ್ಪಿಗೆ ಹೋಗಿದ್ದರೆ ಒಪ್ಪಿಗೆ ಹಿಂತೆಗೆದುಕೊಂಡರೆ ಸಾಕು. revoke.cash ಅನ್ನೋ ತಾಣದಲ್ಲೋ, ಈಥರ್‌ಸ್ಕ್ಯಾನಿನ ಟೋಕನ್ ಒಪ್ಪಿಗೆಗಳ ಪುಟದಲ್ಲೋ ವಿಳಾಸ ಹಾಕಿದರೆ ಈವರೆಗೆ ಯಾರಿಗೆಲ್ಲ ಎಷ್ಟೆಷ್ಟು ಒಪ್ಪಿಗೆ ಕೊಟ್ಟಿದ್ದೀರಿ ಅಂತ ಪಟ್ಟಿ ಬರುತ್ತೆ. ಬೇಡದ್ದನ್ನು ರದ್ದು ಮಾಡಬಹುದು. ರದ್ದು ಅಂದ್ರೆ ಬೇರೇನಲ್ಲ, ಅದೇ ವಿಳಾಸಕ್ಕೆ ಸೊನ್ನೆಯ ಒಪ್ಪಿಗೆ ಕೊಡುವುದು. ಅದೂ ಒಂದು ವಹಿವಾಟು, ಅದಕ್ಕೂ ಚೂರು ಶುಲ್ಕ ಬೇಕು. ಒಂದು ಎಚ್ಚರಿಕೆ: ಒಪ್ಪಿಗೆ ರದ್ದು ಮಾಡಿಕೊಡ್ತೀವಿ ಅಂತ ಹೇಳಿ ಹೊಸ ಒಪ್ಪಿಗೆ ಬರೆಸಿಕೊಳ್ಳುವ ನಕಲಿ ತಾಣಗಳೂ ಇವೆ. ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ, ವಿಳಾಸವನ್ನು ಕೈಯಾರೆ ಟೈಪ್ ಮಾಡಿ.

ನಾವು ಪಟ್ಟಿ ತೆಗೆದಾಗ ತಮ್ಮನ ಹೆಸರಲ್ಲಿ ಒಂಬತ್ತು ಒಪ್ಪಿಗೆ ಇದ್ದವು. ಒಂದು ಕಳ್ಳನದು. ಉಳಿದ ಎಂಟು ಅವನು ಯಾವಾಗಲೋ ಬಳಸಿ ಮರೆತಿದ್ದ ತಾಣಗಳವು. ಅವುಗಳಲ್ಲೂ ಆರು ಮಿತಿಯೇ ಇಲ್ಲದ್ದು! ಒಂದೊಂದಾಗಿ ಎಲ್ಲ ಸೊನ್ನೆ ಮಾಡಿದೆವು. ಹೋದ ದುಡ್ಡು ಇದರಿಂದ ವಾಪಸ್ ಬರೋದಿಲ್ಲ. ಮುಂದೆ ಬರುವ ದುಡ್ಡು ಹೋಗೋದಿಲ್ಲ, ಅಷ್ಟೇ.

"ಓದದೆ ಸಹಿ ಹಾಕಿದ್ದು ಯಾಕೆ?"

ಈಗ ನನ್ನ ತಕರಾರು. ಇಂಥ ಕತೆ ಹೇಳಿದ ತಕ್ಷಣ ತಿಳಿದವರು ಒಂದು ಮಾತು ಹೇಳ್ತಾರೆ. "ನಕಲಿ ತಾಣಕ್ಕೆ ಹೋದದ್ದು ಅವನ ತಪ್ಪು. ಓದದೆ ಸಹಿ ಹಾಕಿದ್ದು ಅವನ ತಪ್ಪು." ನಾನೂ ಮೊದಲು ಹೀಗೇ ಅನ್ನುತ್ತಿದ್ದೆ. ಆ ಭಾನುವಾರ ಕೂಡ ಬಾಯಿಗೆ ಬಂದಿತ್ತು. ಆದರೆ 2021ರ ಡಿಸೆಂಬರಿನ ಒಂದು ಘಟನೆ ನೆನಪಾಗಿ ಸುಮ್ಮನಾದೆ.

ಬ್ಯಾಡ್ಜರ್‌ಡಾವ್ ಅಂತ ಒಂದು ಯೋಜನೆ. ಎಥೀರಿಯಂ ಮೇಲೆ ಬಳಸಬಹುದಾದ ರೂಪದಲ್ಲಿ ಬಿಟ್‌ಕಾಯಿನ್ ಇಟ್ಟು ಆದಾಯ ಪಡೆಯುವ ತಾಣ. ನಕಲಿ ಅಲ್ಲ, ಅಸಲಿ. ಡಿಸೆಂಬರ್ 2ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಐದೂವರೆಯ ಹೊತ್ತಿಗೆ, ಅದರ ಬಳಕೆದಾರರ ಖಾತೆಗಳು ಒಂದೊಂದಾಗಿ ಬರಿದಾಗತೊಡಗಿದವು. ಕೆಲವೇ ಗಂಟೆಗಳಲ್ಲಿ ಹೋದದ್ದು ಸುಮಾರು 12 ಕೋಟಿ ಡಾಲರ್. ಒಂದೇ ಒಂದು ವಿಳಾಸದಿಂದ ಸುಮಾರು 900 ಬಿಟ್‌ಕಾಯಿನ್‌ನಷ್ಟು ಬೆಲೆಯದ್ದು ಹೋಯಿತು.

ಬ್ಯಾಡ್ಜರಿನ ಕಾಂಟ್ರಾಕ್ಟುಗಳಲ್ಲಿ ಯಾವ ದೋಷವೂ ಇರಲಿಲ್ಲ. ಕಳ್ಳ ಕೈ ಹಾಕಿದ್ದು ತಾಣದ ಪುಟಕ್ಕೆ. ಆ ತಾಣ ಬಳಸುತ್ತಿದ್ದ ಕ್ಲೌಡ್‌ಫ್ಲೇರ್ ಖಾತೆಗೆ ಸೇರಿದ ಒಂದು ಎಪಿಐ ಕೀ, ಬ್ಯಾಡ್ಜರಿನ ಎಂಜಿನಿಯರುಗಳಿಗೆ ತಿಳಿಯದೆ ಸೃಷ್ಟಿಯಾಗಿ ಕಳ್ಳನ ಕೈಯಲ್ಲಿತ್ತು. ಅದನ್ನು ಬಳಸಿ ಪುಟದೊಳಗೆ ತನ್ನದೊಂದು ತುಣುಕು ಸ್ಕ್ರಿಪ್ಟ್ ಸೇರಿಸುತ್ತಿದ್ದ. ನವೆಂಬರ್ 10ರಿಂದಲೇ ಶುರು. ಅದೂ ಸದಾ ಅಲ್ಲ, ಸ್ವಲ್ಪ ಹೊತ್ತು ಸೇರಿಸುವುದು, ತೆಗೆಯುವುದು, ಮತ್ತೆ ಸೇರಿಸುವುದು. ಯಾರಾದರೂ ದೂರು ಕೊಟ್ಟು ಇನ್ನೊಬ್ಬರು ಪರೀಕ್ಷಿಸುವ ಹೊತ್ತಿಗೆ ಪುಟ ಶುದ್ಧವಾಗಿ ಕಾಣಬೇಕು ಅನ್ನೋ ಲೆಕ್ಕ.

ಆ ಸ್ಕ್ರಿಪ್ಟ್ ಮಾಡುತ್ತಿದ್ದದ್ದು ಇಷ್ಟು. ಬಳಕೆದಾರ ಎಂದಿನಂತೆ ತಾಣಕ್ಕೆ ಬಂದು ಎಂದಿನ ಗುಂಡಿ ಒತ್ತುತ್ತಾನೆ. ನಡುವೆ ಇನ್ನೊಂದು ಒಪ್ಪಿಗೆಯ ಕಿಟಕಿ ತೆರೆದುಕೊಳ್ಳುತ್ತೆ. ಬ್ಯಾಡ್ಜರಿನಲ್ಲಿ ಒಪ್ಪಿಗೆ ಕೇಳುವುದು ಹೊಸದೇನಲ್ಲ, ದುಡ್ಡು ಇಡುವಾಗಲೆಲ್ಲ ಕೇಳುತ್ತಿತ್ತು. ಹಾಗಾಗಿ ಒತ್ತುತ್ತಾನೆ. ಆ ಒಪ್ಪಿಗೆಯಲ್ಲಿದ್ದ ವಿಳಾಸ ಮಾತ್ರ ಬ್ಯಾಡ್ಜರಿನದಲ್ಲ, ಕಳ್ಳನದು. ಕಳ್ಳ ಆ ಕ್ಷಣ ಏನೂ ಮಾಡುವುದಿಲ್ಲ. ಒಪ್ಪಿಗೆಗಳನ್ನು ವಾರಗಟ್ಟಲೆ ಕೂಡಿಹಾಕಿಕೊಂಡು, ಡಿಸೆಂಬರ್ 2ರಂದು ಒಟ್ಟಿಗೆ ಎಳೆಯಲು ಶುರು ಮಾಡಿದ.

ವಿಚಿತ್ರ ಅಂದ್ರೆ ಒಬ್ಬಿಬ್ಬರಿಗೆ ಅನುಮಾನ ಬಂದಿತ್ತು. ಸಾಮಾನ್ಯ `approve` ಬದಲು `increaseAllowance` ಅನ್ನೋ ಹೆಸರಿನ ಕೋರಿಕೆ ಬಂತು, ಯಾಕೆ ಅಂತ ಕೇಳಿದ್ದರು. ಆದರೆ ಅಷ್ಟರಲ್ಲಿ ಬಹಳ ಜನ ಒತ್ತಿಯಾಗಿತ್ತು. ಕೊನೆಗೆ ಬ್ಯಾಡ್ಜರಿನವರು ತಮ್ಮ ಕಾಂಟ್ರಾಕ್ಟುಗಳಲ್ಲಿದ್ದ ತಡೆಗುಂಡಿ ಒತ್ತಿ ವರ್ಗಾವಣೆಗಳನ್ನೇ ನಿಲ್ಲಿಸಿದರು. ಆಮೇಲೆ ಕಳ್ಳ ಮಾಡಿದ ಪ್ರಯತ್ನಗಳು ವಿಫಲವಾದವು. ಆ ತಡೆಗುಂಡಿ ಇಲ್ಲದಿದ್ದರೆ ಇನ್ನೂ ಹೋಗುತ್ತಿತ್ತು.

ಈಗ ಹೇಳಿ, ಇವರಲ್ಲಿ ಓದದೆ ಸಹಿ ಹಾಕಿದವರು ಯಾರು? ತಾಣ ಅಸಲಿ. ಬ್ರೌಸರಿನ ಮೇಲ್ಗಡೆ ಇದ್ದ ವಿಳಾಸ ಅಸಲಿ. ಕೋರಿಕೆಯ ಬಗೆ ಪರಿಚಿತ. ಬೇರೆಯಿದ್ದದ್ದು ಒಂದೇ, ನಲವತ್ತು ಅಕ್ಷರಗಳ ಆ ವಿಳಾಸ. ಅದನ್ನು ನೋಡಿ ಇದು ಬ್ಯಾಡ್ಜರಿನದಲ್ಲ ಅಂತ ಹೇಳಬೇಕಾದರೆ ಬ್ಯಾಡ್ಜರಿನ ಎಲ್ಲ ಕಾಂಟ್ರಾಕ್ಟುಗಳ ವಿಳಾಸ ಬಾಯಿಪಾಠ ಬರಬೇಕು. ಒಂದೇ ವಿಳಾಸದಲ್ಲಿ ಅಷ್ಟು ದೊಡ್ಡ ಮೊತ್ತ ಇಟ್ಟಿದ್ದವರಿಗೂ ಗೊತ್ತಾಗದ್ದು, ತಿಂಗಳ ಸಂಬಳಕ್ಕೆ ಕಾಯುವ ನಮ್ಮ ಹುಡುಗನಿಗೆ ಗೊತ್ತಾಗಬೇಕಿತ್ತೇ?

ಮಿತಿಯಿಲ್ಲದ ಒಪ್ಪಿಗೆ ಯಾರ ಅನುಕೂಲಕ್ಕೆ?

ನನ್ನ ಪ್ರಕಾರ ಮೂಲ ತಪ್ಪು ಇರುವುದು ಮಿತಿಯಿಲ್ಲದ ಒಪ್ಪಿಗೆಯನ್ನು ನಾವು ರೂಢಿ ಮಾಡಿಕೊಂಡದ್ದರಲ್ಲಿ. ಕಳ್ಳರು ಇದನ್ನು ಹೊಸದಾಗಿ ಕಂಡುಹಿಡಿಯಲಿಲ್ಲ. ಒಳ್ಳೆಯ ತಾಣಗಳೇ ವರ್ಷಗಟ್ಟಲೆ ಅರವತ್ನಾಲ್ಕು ಎಫ್‌ಗಳ ಒಪ್ಪಿಗೆ ಕೇಳಿ ಕೇಳಿ ಜನರಿಗೆ ಅಭ್ಯಾಸ ಮಾಡಿಸಿದವು. ನೂರು ಡಾಲರಿನ ವ್ಯವಹಾರಕ್ಕೂ ಮಿತಿಯಿಲ್ಲದ ಒಪ್ಪಿಗೆ. ಕಳ್ಳನ ಕೋರಿಕೆ ಎಲ್ಲರ ಕೋರಿಕೆಯಂತೆಯೇ ಕಾಣುವುದಕ್ಕೆ ಇದೇ ಕಾರಣ.

ಅದಕ್ಕೊಂದು ಸಮಜಾಯಿಷಿ ಇತ್ತು, ಅದನ್ನೂ ನ್ಯಾಯವಾಗಿ ಹೇಳಬೇಕು. ಪ್ರತಿ ಒಪ್ಪಿಗೆಗೂ ಶುಲ್ಕ ಬೀಳುತ್ತೆ. ಒಂದು ಒಪ್ಪಿಗೆಗೆ ಸುಮಾರು 46,000 ಗ್ಯಾಸ್ ಬೇಕು ಅಂತಿಟ್ಟುಕೊಳ್ಳಿ. 2021ರಲ್ಲಿ ಗ್ಯಾಸಿನ ದರ 100 ಗ್ವೇ, ಈಥರ್ ಬೆಲೆ 4,000 ಡಾಲರ್ ಇದ್ದ ದಿನಗಳಲ್ಲಿ ಅದು 18 ಡಾಲರಿಗೂ ಮೇಲಾಗುತ್ತಿತ್ತು. ಪ್ರತಿ ಸಲ ಸುಮಾರು ಸಾವಿರದ ನಾನೂರು ರೂಪಾಯಿ ಕೊಟ್ಟು ಒಪ್ಪಿಗೆ ಬರೆಯುವುದಕ್ಕಿಂತ ಒಂದೇ ಸಲ ಮಿತಿಯಿಲ್ಲದೆ ಬರೆದುಬಿಡೋಣ ಅನ್ನಿಸುವುದು ಸಹಜ. ಆದರೆ ಈಚಿನ ವರ್ಷಗಳಲ್ಲಿ ಶುಲ್ಕ ತೀರಾ ಇಳಿದಿದೆ. ತಮ್ಮ ಕೊಟ್ಟದ್ದು ಹನ್ನೆರಡು ರೂಪಾಯಿ. ಕಾರಣ ಹೋದ ಮೇಲೂ ರೂಢಿ ಉಳಿದಿದೆ. ಅದೇ ನನಗೆ ಸಿಟ್ಟು.

ನಮ್ಮ ಬ್ಯಾಂಕಿನ ಆಟೋಪೇ ನೆನಪಿಸಿಕೊಳ್ಳಿ. ಮೊಬೈಲಿನಲ್ಲಿ ಯಾವುದೋ ಚಂದಾ ಕಟ್ಟಲು ಯುಪಿಐ ಮ್ಯಾಂಡೇಟ್ ಕೊಡುವಾಗ ಯಾರಿಗೆ, ಗರಿಷ್ಠ ಎಷ್ಟು, ಯಾವ ದಿನಾಂಕದವರೆಗೆ ಅಂತ ಮೂರೂ ಕಾಣುತ್ತೆ. ದುಡ್ಡು ಕಡಿಯುವ ಮುಂಚೆ ಸಂದೇಶ ಬರುತ್ತೆ. ಬೇಡ ಅನ್ನಿಸಿದರೆ ಅದೇ ಆ್ಯಪಿನಲ್ಲಿ ರದ್ದು ಮಾಡಬಹುದು. ಅದರಲ್ಲೂ ಮೋಸ ನಡೆಯುತ್ತೆ, ಇಲ್ಲ ಅನ್ನೋದಿಲ್ಲ. ಆದರೆ `approve` ಅನ್ನೋದರಲ್ಲಿ ಈ ಪೈಕಿ ಇರುವುದು ಗರಿಷ್ಠ ಮೊತ್ತ ಒಂದೇ, ಅದನ್ನೂ ನಾವೇ ಎಫ್ ತುಂಬಿ ಹಾಳು ಮಾಡಿದೆವು. ಕೊನೆಯ ದಿನಾಂಕ ಅನ್ನೋ ಜಾಗವೇ ಅದರಲ್ಲಿಲ್ಲ. ಯಾರಿಗೆ ಅನ್ನೋದು ಇದೆ, ಮನುಷ್ಯರು ಓದಲಾರದ ರೂಪದಲ್ಲಿ.

ಈಗಿನ ವ್ಯಾಲೆಟ್ಟುಗಳು ಸುಧಾರಿಸಿವೆ, ಒಪ್ಪುತ್ತೇನೆ. ಎಷ್ಟರವರೆಗೆ ಒಪ್ಪಿಗೆ ಅನ್ನೋದನ್ನು ತೋರಿಸುತ್ತವೆ, ಹಲವು ವ್ಯಾಲೆಟ್ಟುಗಳಲ್ಲಿ ಅದನ್ನು ತಿದ್ದಲೂ ಬರುತ್ತೆ. ಕುಖ್ಯಾತ ವಿಳಾಸವಾದರೆ ಕೆಂಪು ಎಚ್ಚರಿಕೆ ಕೊಡುತ್ತವೆ. ಆದರೆ ಕಳ್ಳ ನಿನ್ನೆ ರಾತ್ರಿ ಹುಟ್ಟಿಸಿದ ವಿಳಾಸ ಯಾವ ಪಟ್ಟಿಯಲ್ಲಿ ಇರುತ್ತೆ?

ಶುಲ್ಕವೇ ಇಲ್ಲದ ಸಹಿ

ಇನ್ನೊಂದು ಮಾತು ಹೇಳದೆ ಮುಗಿಸಬಾರದು, ಇದು ಇನ್ನೂ ಸೂಕ್ಷ್ಮ. ಒಪ್ಪಿಗೆಗೆ ಶುಲ್ಕ ಯಾಕೆ ಅಂತ 2020ರಲ್ಲಿ ಪರ್ಮಿಟ್ ಅನ್ನೋ ಹೊಸ ವಿಧಾನ ಮುಂದಿಟ್ಟರು. ಯುಎಸ್‌ಡಿಸಿ ಸೇರಿದಂತೆ ಹಲವು ಟೋಕನ್ನುಗಳಲ್ಲಿ ಅದಿದೆ. ಇದರಲ್ಲಿ ನೀವು ವಹಿವಾಟು ಕಳಿಸುವುದೇ ಇಲ್ಲ, ಬರೀ ಒಂದು ಸಂದೇಶಕ್ಕೆ ಸಹಿ ಹಾಕುತ್ತೀರಿ. ಸಂದೇಶದಲ್ಲಿ ಈ ಸಾಲುಗಳಿರುತ್ತವೆ:

```
Permit
owner:
spender:
value:
nonce:
deadline:
```

ಆ ಸಹಿಯನ್ನು ಕೈಯಲ್ಲಿ ಹಿಡಿದವರು ಯಾರು ಬೇಕಾದರೂ ತಾವೇ ಶುಲ್ಕ ಕಟ್ಟಿ ಟೋಕನ್ನಿನ ಕಾಂಟ್ರಾಕ್ಟಿಗೆ ತೋರಿಸಬಹುದು. ಆ ಕ್ಷಣದಲ್ಲಿ `spender` ವಿಳಾಸಕ್ಕೆ ಒಪ್ಪಿಗೆ ಬರೆದಾಯಿತು. ಮರುಕ್ಷಣ ಟೋಕನ್ ಎಳೆದಾಯಿತು. ತಾಣಕ್ಕೆ ಒಳಬರುವಾಗ ಗುರುತಿಗೆ ಅಂತ ಹಾಕಿಸುವ ನಿರುಪದ್ರವಿ ಸಹಿಯ ಕಿಟಕಿಯೂ ಹೆಚ್ಚುಕಡಿಮೆ ಹೀಗೇ ಕಾಣುತ್ತೆ, ಅದಕ್ಕೂ ಶುಲ್ಕವಿಲ್ಲ. "ಶುಲ್ಕ ಇಲ್ಲ ಅಂದ್ರೆ ಅಪಾಯ ಇಲ್ಲ" ಅಂತ ನಂಬಿದವರು ಇಲ್ಲಿ ಬೀಳುತ್ತಾರೆ.

ಇನ್ನೊಂದು ತೊಡಕೂ ಇದೆ. ನೀವು ಸಹಿ ಹಾಕಿ ಕಳ್ಳ ಇನ್ನೂ ಬಳಸಿಲ್ಲ ಅಂದ್ರೆ ಆ ಸಹಿ ಚೈನಿನ ಮೇಲೆ ಎಲ್ಲೂ ಇಲ್ಲ. ಹಾಗಾಗಿ ಒಪ್ಪಿಗೆಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಪಟ್ಟಿ ಶುದ್ಧವಾಗಿದೆ ಅಂತ ನೆಮ್ಮದಿಯಾಗಿರುವಂತಿಲ್ಲ. ಸಹಿಯ ಕಿಟಕಿಯಲ್ಲಿ `Permit`, `spender`, `value` ಈ ಮೂರು ಪದ ಕಂಡರೆ ಅದು ಗುರುತಿನ ಸಹಿ ಅಲ್ಲ, ದುಡ್ಡಿನ ಸಹಿ ಅಂತ ತಿಳಿಯಿರಿ. ಅನುಮಾನದ ಸಹಿ ಹಾಕಿಬಿಟ್ಟಿದ್ದರೆ ಕಾಯುತ್ತಾ ಕೂರಬೇಡಿ, ಆ ಟೋಕನ್ನನ್ನು ತಕ್ಷಣ ನಿಮ್ಮದೇ ಬೇರೆ ವಿಳಾಸಕ್ಕೆ ಸಾಗಿಸಿ. ಖಾಲಿ ಲೆಕ್ಕದಿಂದ ಯಾರೂ ಏನೂ ಎಳೆಯಲಾರರು.

ಹಾಗಾದರೆ...

ತಮ್ಮನಿಗೆ ನಾನು ಕೊನೆಗೆ ಹೇಳಿದ್ದು ಒಂದೇ ಉಪಾಯ. ಎರಡು ವಿಳಾಸ ಇಟ್ಟುಕೋ. ಒಂದು ಸಂಬಳ ಬರುವ, ಕೂಡಿಡುವ ವಿಳಾಸ. ಅದನ್ನು ಯಾವ ತಾಣಕ್ಕೂ, ಎಷ್ಟೇ ಒಳ್ಳೆಯ ತಾಣವಾದರೂ, ಜೋಡಿಸಬೇಡ. ಅದರಿಂದ ಯಾರಿಗೂ ಒಪ್ಪಿಗೆ ಬರೆಯಬೇಡ. ಇನ್ನೊಂದು ಓಡಾಟದ ವಿಳಾಸ. ಬೇಕಾದಾಗ ಬೇಕಾದಷ್ಟೇ ಅದಕ್ಕೆ ಹಾಕಿಕೊಂಡು ವ್ಯವಹಾರ ಮಾಡು. ಒಪ್ಪಿಗೆ ಕೇಳಿದರೆ ಮೊತ್ತವನ್ನು ನೀನೇ ತಿದ್ದು, ಐವತ್ತಕ್ಕೆ ಐವತ್ತು. ತಿದ್ದಲು ಬಿಡದ ತಾಣವಾದರೆ ಎದ್ದು ಬಾ. ಸಂತೆಗೆ ಹೋಗುವಾಗ ಮನೆಯ ದುಡ್ಡೆಲ್ಲ ಜೇಬಿಗೆ ತುಂಬಿಕೊಂಡು ಹೋಗ್ತೀವಾ? ಅಷ್ಟೇ ಇದು.

ಬ್ಯಾಡ್ಜರಿನಂಥ ಘಟನೆಯಲ್ಲಿ ಈ ಉಪಾಯವೂ ಪೂರ್ತಿ ಕಾಯುವುದಿಲ್ಲ, ಯಾಕಂದ್ರೆ ಅಲ್ಲಿ ದುಡ್ಡಿಟ್ಟಿದ್ದವರು ಆ ವಿಳಾಸದಿಂದಲೇ ತಾಣಕ್ಕೆ ಹೋಗಬೇಕಿತ್ತು. ಆದರೆ ನಷ್ಟಕ್ಕೆ ಒಂದು ಗೋಡೆ ಕಟ್ಟುತ್ತೆ. ಗೋಡೆಯನ್ನು ನಾವೇ ಕಟ್ಟಿಕೊಳ್ಳಬೇಕಾಗಿ ಬಂದಿರುವುದು, ಕಟ್ಟಬೇಕಾದವರು ಕಟ್ಟದೆ ಬಿಟ್ಟದ್ದರಿಂದ. ಮಿತಿಯಿಲ್ಲದ ಒಪ್ಪಿಗೆ ಕೇಳುವ ಪ್ರತಿ ತಾಣವೂ, ಅದನ್ನು ಒಂದೇ ಗುಂಡಿಗೆ ಬಿಟ್ಟುಕೊಡುವ ಪ್ರತಿ ವ್ಯಾಲೆಟ್ಟೂ ಕಳ್ಳನಿಗೆ ಅರ್ಧ ಕೆಲಸ ಮಾಡಿಕೊಟ್ಟಿದೆ. "ಓದಬೇಕಿತ್ತು" ಅಂತ ಹುಡುಗನಿಗೆ ಬುದ್ಧಿ ಹೇಳುವ ಮುಂಚೆ, ಓದಿದರೆ ಅರ್ಥವಾಗುವ ಹಾಗೆ ಬರೆದಿದ್ದೀರಾ ಅಂತ ಅವರನ್ನು ಕೇಳಬೇಕಲ್ಲವೇ?

ತಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ. "ಅಣ್ಣ, ಆ ದುಡ್ಡು ಎಲ್ಲಿದೆ ಅಂತ ಕಾಣ್ತಾ ಇದೆಯಲ್ಲ. ವಿಳಾಸ ಗೊತ್ತು, ಮೊತ್ತ ಗೊತ್ತು. ಆದರೂ ವಾಪಸ್ ಸಿಗಲ್ವಾ?"

ಸೈಬರ್ ಪೊಲೀಸರಿಗೆ ದೂರು ಬರೆಸಿದ್ದೇವೆ. ಆದರೆ ಅವನ ಪ್ರಶ್ನೆಗೆ ಆ ಭಾನುವಾರ ನನ್ನ ಬಳಿ ಉತ್ತರ ಇರಲಿಲ್ಲ. ಇವತ್ತೂ ಇಲ್ಲ.

ನೀವು ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ವಿಳಾಸದ ಒಪ್ಪಿಗೆಗಳ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಎಷ್ಟು ಇದ್ದವು, ಎಷ್ಟಕ್ಕೆ ಮಿತಿಯಿತ್ತು ಅಂತ ನನಗೂ ತಿಳಿಸಿ.